ಎಸ್‌ಐಆರ್‌ಎನ್‌ಎ ಹಾಕಿದರೂ ಜೀನ್ ಅರ್ಧಕ್ಕೇ ನಿಂತರೆ: ದೋಷ ಹುಡುಕುವ ಕ್ರಮ

ಹಾಸನ, ಚಿಕ್ಕಮಗಳೂರು ಕಡೆಯ ಕಾಲೇಜು ಲ್ಯಾಬ್‌ಗಳಲ್ಲಿ ಎಂ.ಎಸ್ಸಿ ಪ್ರಾಜೆಕ್ಟ್‌ಗೋ ಪಿಎಚ್‌ಡಿಗೋ ಜೀನ್ ತಗ್ಗಿಸುವ ಪ್ರಯೋಗ ಮಾಡುವವರು ಹೆಚ್ಚಾಗಿ ಸಿಕ್ಕಿಬೀಳುವುದು ಒಂದೇ ಕಡೆ. ಜೀನ್‌ನ ಮೆಸೆಂಜರ್ ಆರ್‌ಎನ್‌ಎಯನ್ನು ಕತ್ತರಿಸಿ ಜೀನನ್ನು ತಗ್ಗಿಸುವ ಪುಟ್ಟ ಆರ್‌ಎನ್‌ಎ ತುಣುಕೇ ಎಸ್‌ಐಆರ್‌ಎನ್‌ಎ. ಅದು ಪೂರ್ತಿ ಸೋತಿದ್ದರೆ ಚಿಂತೆಯಿಲ್ಲ, ಬೇರೆಯದು ತರಿಸಿದರಾಯಿತು. ಪೂರ್ತಿ ಗೆದ್ದಿದ್ದರೂ ಚಿಂತೆಯಿಲ್ಲ. ಕಷ್ಟ ಕೊಡುವುದು ‘50 ಶೇಕಡಾ ತಗ್ಗಿದೆ’ ಎಂಬ ಫಲಿತಾಂಶ. ಅದನ್ನು ಎಸೆಯಲೂ ಆಗದು, ನಂಬಲೂ ಆಗದು. ಅರ್ಧಕ್ಕೆ ನಿಂತ ನಾಕ್‌ಡೌನ್‌ಗೆ ಕನಿಷ್ಠ ನಾಲ್ಕು ಬೇರೆ ಬೇರೆ ಕಾರಣಗಳಿರಬಹುದು. ನಾಲ್ಕಕ್ಕೂ ಪಿಸಿಆರ್ ಯಂತ್ರ ಕೊಡುವ ಅಂಕಿ ಒಂದೇ ಆಗಿರುತ್ತದೆ, ಮದ್ದು ಮಾತ್ರ ಬೇರೆ ಬೇರೆ.

ಇಲ್ಲಿ ಹೀಲಾ ಜೀವಕೋಶಗಳಲ್ಲಿ ಲ್ಯಾಮಿನ್ ಎ/ಸಿ ಜೀನ್ ತಗ್ಗಿಸುವ ಪ್ರಯೋಗವನ್ನು ಮಾದರಿಯಾಗಿ ಹಿಡಿದಿದ್ದೇವೆ. ಟುಶ್ಲ್ ಅವರ ತಂಡ 2001ರಲ್ಲಿ 21 ನ್ಯೂಕ್ಲಿಯೊಟೈಡ್ ಉದ್ದದ ಎಸ್‌ಐಆರ್‌ಎನ್‌ಎ ಸಸ್ತನಿಗಳ ಕೋಶದಲ್ಲೂ ಕೆಲಸ ಮಾಡುತ್ತದೆ ಎಂದು ತೋರಿಸಿದಾಗ ತಗ್ಗಿಸಿದ ಜೀನ್‌ಗಳಲ್ಲಿ ಇದೂ ಒಂದು. ಕಲಿಯುವವರಿಗೆ ಒಳ್ಳೆಯ ಗುರಿ, ಏಕೆಂದರೆ ಪ್ರೋಟೀನ್ ನ್ಯೂಕ್ಲಿಯಸ್ಸಿನ ಅಂಚಿನಲ್ಲಿ ಉಂಗುರದಂತೆ ಕಾಣುತ್ತದೆ, ಒಂದೊಂದೇ ಕೋಶವನ್ನು ಕಣ್ಣಲ್ಲೇ ಅಳೆಯಬಹುದು. ಅದರಲ್ಲಿ ಒಂದು ಬಲೆಯೂ ಇದೆ. ಅದಕ್ಕೆ ಆಮೇಲೆ ಬರೋಣ.

ಪ್ಲೇಟ್ ಹೇಗಿರಬೇಕು

ದೋಷ ಹುಡುಕಲು ಬೇಕಾದ ಸಾಕ್ಷಿಯನ್ನೆಲ್ಲ ಪ್ಲೇಟ್ ಹಾಕುವ ದಿನವೇ ಅದರೊಳಗೆ ಇಟ್ಟಿರಬೇಕು. ಕಂಟ್ರೋಲ್ ವೆಲ್ ಇಲ್ಲದ ಪ್ಲೇಟ್ ಕೆಟ್ಟರೆ ಹೊಸದಾಗಿ ಮಾಡುವುದು ಬಿಟ್ಟರೆ ದಾರಿಯಿಲ್ಲ.

24 ವೆಲ್‌ಗಳ ಪ್ಲೇಟ್‌ನಲ್ಲಿ ಆರು ಬಗೆಯ ವೆಲ್‌ಗಳು ಬೇಕು. ಏನೂ ಹಾಕದ ಕೋಶಗಳು. ಲಿಪಿಡ್ ರೀಜೆಂಟ್ ಮಾತ್ರ ಹಾಕಿದವು. ಯಾವ ಮಾನವ ಜೀನ್‌ಗೂ ಪೂರ್ತಿ ಹೊಂದದ ನೆಗೆಟಿವ್ ಎಸ್‌ಐಆರ್‌ಎನ್‌ಎ ಹಾಕಿದವು. ಪಿಎಲ್‌ಕೆ1 ಜೀನ್ ತಗ್ಗಿಸುವ ಎಸ್‌ಐಆರ್‌ಎನ್‌ಎ ಹಾಕಿದವು. ಕೊನೆಗೆ ನಮ್ಮ ಗುರಿಗೆ ಎರಡು ಬೇರೆ ಬೇರೆ ಅನುಕ್ರಮಗಳ ಎಸ್‌ಐಆರ್‌ಎನ್‌ಎ, ಒಂದೊಂದಕ್ಕೂ ಪ್ರತ್ಯೇಕ ವೆಲ್. ಪಿಎಲ್‌ಕೆ1 ಇಲ್ಲದೆ ಹೀಲಾ ಕೋಶ ವಿಭಜನೆಯ ನಡುವೆ ಸಿಕ್ಕಿಕೊಂಡು ದುಂಡಗಾಗಿ ಸಾಯುತ್ತದೆ. ಹಾಗಾಗಿ ಆ ವೆಲ್ ಅನ್ನು ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು, ಎಸ್‌ಐಆರ್‌ಎನ್‌ಎ ಒಳಗೆ ಹೋಗಿ ಕೆಲಸ ಮಾಡಿತೋ ಇಲ್ಲವೋ ತಿಳಿಯುತ್ತದೆ. ಹೊಳೆಯುವ ಬಣ್ಣ ಅಂಟಿಸಿದ ಎಸ್‌ಐಆರ್‌ಎನ್‌ಎಯನ್ನು ಇದಕ್ಕೆ ಬದಲಾಗಿ ಬಳಸುವವರಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ಕೋಶದ ಹೊರಗೆ ಅಂಟಿಕೊಂಡದ್ದೂ ಎಂಡೊಸೋಮ್‌ನಲ್ಲಿ ಸಿಕ್ಕಿಬಿದ್ದದ್ದೂ ಅಷ್ಟೇ ಚೆನ್ನಾಗಿ ಹೊಳೆಯುತ್ತವೆ.

ಪ್ರಮಾಣ ಹೀಗಿರಲಿ. 5 ನ್ಯಾನೊಮೋಲ್ ಒಣ ಎಸ್‌ಐಆರ್‌ಎನ್‌ಎ ಇರುವ ಟ್ಯೂಬನ್ನು ತೆರೆಯುವ ಮೊದಲು ಒಂದು ನಿಮಿಷ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ; ಪುಡಿ ಮುಚ್ಚಳಕ್ಕೆ ಅಂಟಿರುತ್ತದೆ. 250 ಮೈಕ್ರೊಲೀಟರ್ ಆರ್‌ಎನ್‌ಏಸ್ ಇಲ್ಲದ ನೀರಿನಲ್ಲಿ ಕರಗಿಸಿದರೆ 20 ಮೈಕ್ರೊಮೋಲಾರ್ ಸ್ಟಾಕ್ ಆಯಿತು. ಅದನ್ನು ಚಿಕ್ಕ ಚಿಕ್ಕ ಪಾಲು ಮಾಡಿ ಮೈನಸ್ 20ರಲ್ಲಿಡಿ. ಲ್ಯಾಬಿನ ಬಟ್ಟಿ ಇಳಿಸಿದ ನೀರನ್ನು ಆಟೊಕ್ಲೇವ್ ಮಾಡಿ ಬಳಸಿದರೆ ನಡೆಯುತ್ತದೆ ಎಂಬ ನಂಬಿಕೆ ಬೇಡ, ಆರ್‌ಎನ್‌ಏಸ್ ಆಟೊಕ್ಲೇವ್‌ಗೆ ಪೂರ್ತಿ ಬಗ್ಗುವುದಿಲ್ಲ. ಸ್ಟಾಕನ್ನು 20 ಪಟ್ಟು ತೆಳುಮಾಡಿದರೆ 1 ಮೈಕ್ರೊಮೋಲಾರ್. ಅದರಲ್ಲಿ 5 ಮೈಕ್ರೊಲೀಟರ್, ಅಂದರೆ 5 ಪಿಕೊಮೋಲ್, ಸೀರಮ್ ಇಲ್ಲದ ಮೀಡಿಯಾ 45 ಮೈಕ್ರೊಲೀಟರ್‌ಗೆ. ಇನ್ನೊಂದು ಟ್ಯೂಬಿನಲ್ಲಿ 1 ಮೈಕ್ರೊಲೀಟರ್ ಲಿಪಿಡ್, 49 ಮೈಕ್ರೊಲೀಟರ್ ಮೀಡಿಯಾ. ಎರಡನ್ನೂ ಸೇರಿಸಿ 15 ನಿಮಿಷ ಬಿಟ್ಟು ಖಾಲಿ ವೆಲ್‌ಗೆ ಹಾಕಿ, ಮೇಲೆ ಆಂಟಿಬಯಾಟಿಕ್ ಇಲ್ಲದ 400 ಮೈಕ್ರೊಲೀಟರ್ ಮೀಡಿಯಾದಲ್ಲಿ 50,000 ಕೋಶ ಬಿಡಿ. ಒಟ್ಟು 500 ಮೈಕ್ರೊಲೀಟರ್, ಎಸ್‌ಐಆರ್‌ಎನ್‌ಎ 10 ನ್ಯಾನೊಮೋಲಾರ್.

ಒಣಪುಡಿಯ ಎಸ್‌ಐಆರ್‌ಎನ್‌ಎ ಬೆಂಗಳೂರಿಂದ ಐಸ್ ಇಲ್ಲದೆ ಬಸ್ ಪಾರ್ಸೆಲ್‌ನಲ್ಲಿ ಬಂದರೂ ಕೆಡುವುದಿಲ್ಲ. ಲಿಪಿಡ್ ರೀಜೆಂಟ್ ಹಾಗಲ್ಲ. ಅದು 4 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ತಣ್ಣಗಿರಲಿ ಎಂದು ಡ್ರೈ ಐಸ್ ಪೆಟ್ಟಿಗೆಯೊಳಗೇ ಸೇರಿಸಿ ಕಳಿಸಿದ ಲಿಪಿಡ್‌ನಿಂದ ಕೆಲಸ ಆಗದಿದ್ದರೆ ಎಸ್‌ಐಆರ್‌ಎನ್‌ಎಯನ್ನು ಬೈದು ಪ್ರಯೋಜನವಿಲ್ಲ.

ಕೈಗೆ ಬಂದ ಅಂಕಿ

48 ಗಂಟೆಗೆ ಆರ್‌ಎನ್‌ಎ ತೆಗೆದು, ಸಿಡಿಎನ್‌ಎ ಮಾಡಿ, ಕ್ಯುಪಿಸಿಆರ್ ಓಡಿಸಿದಾಗ ಹೀಗೆ ಬಂತು ಎಂದಿಟ್ಟುಕೊಳ್ಳಿ. LMNA ಎಂದರೆ ನಮ್ಮ ಲ್ಯಾಮಿನ್ ಜೀನ್, ಹೋಲಿಕೆಗೆ ಹಿಡಿದ ಜೀನ್ ಟಿಬಿಪಿ. ಅಂಕಿಗಳು ಸಿಕ್ಯು, ಅಂದರೆ ಸಿಗ್ನಲ್ ಕಾಣಿಸಿಕೊಂಡ ಸೈಕಲ್; ಒಂದು ಸೈಕಲ್ ತಡವಾದರೆ ಮೆಸೆಂಜರ್ ಅರ್ಧ. ಡೆಲ್ಟಾ ಸಿಕ್ಯು ಎಂದರೆ ಎರಡು ಜೀನ್‌ಗಳ ಸಿಕ್ಯು ವ್ಯತ್ಯಾಸ.

```
                  LMNA   TBP    ΔCq
untreated         20.0   24.0   -4.0
lipid only        20.1   24.0   -3.9
negative siRNA    20.1   24.1   -4.0
LMNA siRNA-1      21.1   24.1   -3.0

ΔΔCq = ΔCq(siRNA) - ΔCq(negative) = 1.0
% left = 100 × 2^(-ΔΔCq) = 50
```

ಮೊದಲ ಮೂರು ಸಾಲು ನೋಡಿ. ಮೂರೂ ಒಂದೇ ಮಟ್ಟದಲ್ಲಿವೆ. ಲಿಪಿಡ್‌ನಿಂದಾಗಲಿ ಹೊರಗಿನ ಆರ್‌ಎನ್‌ಎ ಹೊಕ್ಕಿದ್ದರಿಂದಾಗಲಿ ಈ ಜೀನ್‌ಗೆ ಏನೂ ಆಗಿಲ್ಲ ಎಂದು ಇದರಿಂದ ಗೊತ್ತಾಯಿತು. ಉಳಿದದ್ದು 50 ಶೇಕಡಾ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಅವಸರದಲ್ಲಿ ಇದನ್ನೇ ವರದಿಗೆ ಹಾಕುವವರುಂಟು. ಆದರೆ ಒಳ್ಳೆಯ ಎಸ್‌ಐಆರ್‌ಎನ್‌ಎ ಒಂದರಿಂದ ಸಾಮಾನ್ಯವಾಗಿ 70 ಶೇಕಡಾಕ್ಕಿಂತ ಹೆಚ್ಚು ಇಳಿಕೆ ನಿರೀಕ್ಷಿಸುತ್ತೇವೆ. ಮಿಕ್ಕದ್ದು ಎಲ್ಲಿ ಹೋಯಿತು?

ಮೊದಲು ಅಂಕಿಯನ್ನೇ ಶಂಕಿಸಿ

ಸಿಡಿಎನ್‌ಎ ಮಾಡುವಾಗ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವ ಹಾಕದ ಒಂದು ಟ್ಯೂಬನ್ನೂ ಜೊತೆಗೆ ಓಡಿಸಿರಬೇಕು. ಅದರಲ್ಲಿ ಬರುವ ಸಿಗ್ನಲ್ ಜೀನೋಮಿನ ಡಿಎನ್‌ಎಯದು. ಅದನ್ನು ಯಾವ ಎಸ್‌ಐಆರ್‌ಎನ್‌ಎಯೂ ತಗ್ಗಿಸಲಾರದು. ಕಂಟ್ರೋಲ್ ಮಾದರಿ 20ನೇ ಸೈಕಲ್‌ಗೆ ಬಂದು, ಕಿಣ್ವವಿಲ್ಲದ ಟ್ಯೂಬ್ 22ಕ್ಕೆ ಬಂದರೆ ಸಿಗ್ನಲ್‌ನ ಕಾಲು ಭಾಗ ಡಿಎನ್‌ಎಯದು. ಆಗ ಮೆಸೆಂಜರ್ ಆರ್‌ಎನ್‌ಎ ಪೂರ್ತಿ ಮಾಯವಾದರೂ ಯಂತ್ರ 75ಕ್ಕಿಂತ ಹೆಚ್ಚು ಇಳಿಕೆ ತೋರಿಸದು. ವ್ಯತ್ಯಾಸ 7 ಸೈಕಲ್ ಮೀರಿದ್ದರೆ ಡಿಎನ್‌ಎ ಪಾಲು ಒಂದು ಶೇಕಡಾಕ್ಕಿಂತ ಕಡಿಮೆ, ಅದನ್ನು ಮರೆತುಬಿಡಬಹುದು. ಇಲ್ಲದಿದ್ದರೆ ಡಿಎನ್‌ಏಸ್ ಹಾಕಿ ಮತ್ತೆ ಮಾಡಿ.

ಎರಡನೆಯದು ಹೋಲಿಕೆಯ ಜೀನ್. ಟಿಬಿಪಿಯ ಅಂಕಿ ನಾಲ್ಕೂ ಸಾಲಿನಲ್ಲಿ 24ರ ಆಸುಪಾಸಿದೆ, ಸರಿ. ಪಾಸಿಟಿವ್ ಕಂಟ್ರೋಲ್ ಎಂದು ಜಿಎಪಿಡಿಎಚ್ ಎಸ್‌ಐಆರ್‌ಎನ್‌ಎ ಹಾಕಿ, ಎಲ್ಲ ವೆಲ್‌ಗಳನ್ನೂ ಜಿಎಪಿಡಿಎಚ್‌ಗೇ ಹೋಲಿಸುವ ಎಡವಟ್ಟು ಆಗಾಗ ಕಾಣುತ್ತದೆ. ಆ ವೆಲ್‌ನಲ್ಲಿ ಉಳಿದೆಲ್ಲ ಜೀನ್‌ಗಳೂ ಏರಿದಂತೆ ಕಾಣುವುದು ಅದರಿಂದಲೇ.

ಮೂರನೆಯದು ಪ್ರೈಮರ್ ಕುಳಿತ ಜಾಗ. ಎಸ್‌ಐಆರ್‌ಎನ್‌ಎ ಮೆಸೆಂಜರನ್ನು ಒಂದೇ ಕಡೆ ಕತ್ತರಿಸುತ್ತದೆ, ತನ್ನ ಎರಡೆಳೆಗಳಲ್ಲಿ ಗುರಿಗೆ ಅಂಟುವ ಗೈಡ್ ಎಳೆಯ 10 ಮತ್ತು 11ನೇ ಬೇಸ್‌ಗಳಿಗೆ ಎದುರಾಗಿ. ಕತ್ತರಿಸಿದ ಎರಡು ತುಂಡೂ ಒಡನೆ ಕರಗುತ್ತವೆ ಎಂದೇನಿಲ್ಲ. ಪಾಲಿ-ಎ ಬಾಲವಿರುವ 3 ಪ್ರೈಮ್ ತುಂಡು ಕೆಲವು ಜೀನ್‌ಗಳಲ್ಲಿ ಸಾಕಷ್ಟು ಹೊತ್ತು ಉಳಿಯುತ್ತದೆ. ಆಲಿಗೊ-ಡಿಟಿಯಿಂದ ಸಿಡಿಎನ್‌ಎ ಮಾಡಿ, ಪ್ರೈಮರ್‌ಗಳು ಕತ್ತರಿಸಿದ ಜಾಗಕ್ಕಿಂತ ಕೆಳಗೆ ಕುಳಿತಿದ್ದರೆ ಸತ್ತ ಮೆಸೆಂಜರ್ ಕೂಡ ಬದುಕಿದ್ದರ ಲೆಕ್ಕಕ್ಕೆ ಸೇರುತ್ತದೆ. ಪ್ರೋಟೀನ್ ಚೆನ್ನಾಗಿ ಇಳಿದು ಆರ್‌ಎನ್‌ಎ ಮಾತ್ರ ಇಳಿಯದಿದ್ದರೆ ಮೊದಲ ಗುಮಾನಿ ಇದರ ಮೇಲೆ. ಕತ್ತರಿಸುವ ಜಾಗವನ್ನು ದಾಟುವಂತೆ, ಇಲ್ಲವೇ ಅದಕ್ಕಿಂತ ಮೇಲೆ ಇನ್ನೊಂದು ಪ್ರೈಮರ್ ಜೋಡಿ ಇಟ್ಟು ಹೋಲಿಸಿ ನೋಡಿ.

ಕೋಶದೊಳಗೆ ಹೋಯಿತೇ?

ಅಂಕಿ ಸರಿಯಿದ್ದರೆ ಪಿಎಲ್‌ಕೆ1 ವೆಲ್ ನೋಡಿ. 48 ಗಂಟೆಗೆ ನೆಗೆಟಿವ್ ವೆಲ್ ಕೋಶಗಳಿಂದ ತುಂಬಿ, ಪಿಎಲ್‌ಕೆ1 ವೆಲ್‌ನಲ್ಲಿ ದುಂಡು ಕೋಶಗಳು ತೇಲುತ್ತ ತಳ ಬೋಳಾಗಿದ್ದರೆ ಲಿಪಿಡ್ ತನ್ನ ಕೆಲಸ ಮಾಡಿದೆ. ಬೋಳು ಜಾಗದ ನಡುವೆ ಆರೋಗ್ಯವಾಗಿ ಹರಡಿಕೊಂಡ ಕೋಶಗಳ ಗುಂಪುಗಳು ಉಳಿದಿದ್ದರೆ ಕೆಲವು ಕೋಶಗಳಿಗೆ ಎಸ್‌ಐಆರ್‌ಎನ್‌ಎ ತಲುಪಿಯೇ ಇಲ್ಲ.

ಇದು ಏಕೆ ಮುಖ್ಯವೆಂದರೆ ಕ್ಯುಪಿಸಿಆರ್ ಕೊಡುವುದು ವೆಲ್‌ನ ಸರಾಸರಿ. ನೂರರಲ್ಲಿ 60 ಕೋಶಗಳಿಗೆ ಮಾತ್ರ ಎಸ್‌ಐಆರ್‌ಎನ್‌ಎ ಸಿಕ್ಕು, ಅವುಗಳಲ್ಲಿ ಜೀನ್ 90 ಶೇಕಡಾ ತಗ್ಗಿದೆ ಎನ್ನಿ. ಆ 60ರಿಂದ ಉಳಿಯುವುದು 6, ಮುಟ್ಟದ 40ರಿಂದ ಪೂರಾ 40, ಒಟ್ಟು 46. ಯಂತ್ರ ‘54 ಶೇಕಡಾ ಇಳಿಕೆ’ ಎನ್ನುತ್ತದೆ. ಪ್ರತಿಯೊಂದು ಕೋಶದಲ್ಲೂ ಅರ್ಧರ್ಧ ತಗ್ಗಿದ್ದರೂ ಸುಮಾರು ಇದೇ ಅಂಕಿ. ಮೊದಲನೆಯದಕ್ಕೆ ಟ್ರಾನ್ಸ್‌ಫೆಕ್ಷನ್ ಸುಧಾರಿಸಬೇಕು, ಎರಡನೆಯದಕ್ಕೆ ಎಸ್‌ಐಆರ್‌ಎನ್‌ಎಯನ್ನೇ ಬದಲಿಸಬೇಕು.

ಇವೆರಡನ್ನು ಬೇರ್ಪಡಿಸಲು ಲ್ಯಾಮಿನ್ ಒಳ್ಳೆಯ ಗುರಿ. ಕವರ್‌ಸ್ಲಿಪ್ ಮೇಲೆ ಬೆಳೆಸಿದ ಕೋಶಗಳನ್ನು 72 ಗಂಟೆಗೆ ಫಿಕ್ಸ್ ಮಾಡಿ ಲ್ಯಾಮಿನ್ ಆಂಟಿಬಾಡಿಯಿಂದಲೂ ಡಿಎನ್‌ಎ ಬಣ್ಣದಿಂದಲೂ ತೋಯಿಸಿ ನೋಡಿ. ಕೆಲವು ನ್ಯೂಕ್ಲಿಯಸ್‌ಗಳ ಉಂಗುರ ಪೂರ್ತಿ ಆರಿಹೋಗಿ, ಪಕ್ಕದ್ದೇ ಝಗ್ ಎಂದು ಹೊಳೆಯುತ್ತಿದ್ದರೆ ಅದು ತಲುಪದ ತೊಂದರೆ. ಎಲ್ಲವೂ ಒಂದೇ ಸಮ ಮಂಕಾಗಿದ್ದರೆ ಎಸ್‌ಐಆರ್‌ಎನ್‌ಎ ಎಲ್ಲರಿಗೂ ಸಿಕ್ಕಿದೆ, ಅದರ ಕೆಲಸವೇ ಅರ್ಧ. ಕ್ಯಾಮೆರಾದ ಎಕ್ಸ್‌ಪೋಶರ್ ಅನ್ನು ನೆಗೆಟಿವ್ ಕವರ್‌ಸ್ಲಿಪ್‌ನಲ್ಲಿ ಹೊಂದಿಸಿ ಅಲ್ಲಿಗೇ ಬಿಡಬೇಕು. ಆಟೊ ಎಕ್ಸ್‌ಪೋಶರ್ ಇಟ್ಟರೆ ಮಂಕಾದದ್ದನ್ನೂ ಯಂತ್ರವೇ ಬೆಳಗಿಸಿ ತೋರಿಸುತ್ತದೆ.

ತಲುಪದ ತೊಂದರೆಯಾದರೆ ಎಸ್‌ಐಆರ್‌ಎನ್‌ಎ ಪ್ರಮಾಣ ಏರಿಸಲು ಹೋಗಬೇಡಿ. ಮೊದಲು ಕೋಶಗಳ ಸಂಖ್ಯೆ ನೋಡಿ. ವೆಲ್ ತುಂಬಿಹೋಗಿದ್ದರೆ ಲಿಪಿಡ್ ಸಾಲದು, ಗುಂಪುಗುಂಪಾಗಿ ಕೂತ ಕೋಶಗಳ ನಡುಭಾಗ ತಪ್ಪಿಸಿಕೊಳ್ಳುತ್ತದೆ. ಟ್ರಿಪ್ಸಿನ್ ಮಾಡುವಾಗ ಒಂದೊಂದೇ ಕೋಶವಾಗಿ ಬಿಡಿಸಿ. ಆಮೇಲೆ ಎಸ್‌ಐಆರ್‌ಎನ್‌ಎಯನ್ನು 10 ನ್ಯಾನೊಮೋಲಾರ್‌ನಲ್ಲೇ ಇಟ್ಟು ಲಿಪಿಡ್ ಮಾತ್ರ 0.5, 1, 1.5 ಮೈಕ್ರೊಲೀಟರ್ ಹೀಗೆ ಬದಲಿಸಿ, ಪ್ರತಿ ಪ್ರಮಾಣಕ್ಕೂ ಪಿಎಲ್‌ಕೆ1 ಮತ್ತು ನೆಗೆಟಿವ್ ಎರಡನ್ನೂ ಹಾಕಿ. ಪಿಎಲ್‌ಕೆ1 ವೆಲ್ ಬೋಳಾಗಿ ನೆಗೆಟಿವ್ ವೆಲ್ ನಳನಳಿಸುತ್ತಿರುವ ಪ್ರಮಾಣವೇ ನಿಮ್ಮದು. ಎರಡೂ ಸತ್ತರೆ ಅದು ಲಿಪಿಡ್‌ನ ವಿಷ.

ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್‌ನ ಕಾರ್ಬನ್ ಡೈಆಕ್ಸೈಡ್ ನಿಂತರೆ ಮೀಡಿಯಾ ಕೆಂಪಿನಿಂದ ನೇರಳೆಗೆ ತಿರುಗುತ್ತದೆ. ಅಂಥ ಪ್ಲೇಟನ್ನು ಬೇರೆ ದಿನದ ಕಂಟ್ರೋಲ್‌ಗೆ ಹೋಲಿಸಬೇಡಿ. ಹೋಲಿಕೆ ಯಾವತ್ತೂ ಅದೇ ಪ್ಲೇಟಿನ ನೆಗೆಟಿವ್ ವೆಲ್‌ಗೆ.

ಎಲ್ಲವೂ ಸರಿ, ಆದರೂ ಅರ್ಧ

ನಮ್ಮ ಮಾದರಿಯಲ್ಲಿ ಕಿಣ್ವವಿಲ್ಲದ ಟ್ಯೂಬ್ ಶುದ್ಧ, ಪಿಎಲ್‌ಕೆ1 ವೆಲ್ ಬೋಳು, ಉಂಗುರಗಳು ಒಂದೇ ಸಮ ಮಂಕು. ಇಲ್ಲಿ ಹಲವರು ‘ಎಸ್‌ಐಆರ್‌ಎನ್‌ಎ ಕಳಪೆ’ ಎಂದು ತೀರ್ಮಾನಿಸುತ್ತಾರೆ. ತೀರ್ಮಾನಿಸುವ ಮೊದಲು ವೆಸ್ಟರ್ನ್ ಬ್ಲಾಟ್ ಒಂದನ್ನು ನೋಡಿ.

ಲ್ಯಾಮಿನ್ ಎ/ಸಿ ಆಂಟಿಬಾಡಿ ಎರಡು ಗೆರೆ ತೋರಿಸುತ್ತದೆ: ಮೇಲೆ ಸುಮಾರು 74 ಕಿಲೊಡಾಲ್ಟನ್‌ನ ಲ್ಯಾಮಿನ್ ಎ, ಕೆಳಗೆ ಸುಮಾರು 65ರ ಲ್ಯಾಮಿನ್ ಸಿ. ಎರಡೂ ಒಂದೇ ಜೀನ್‌ನವು. ಮೊದಲ 566 ಅಮೈನೊ ಆಮ್ಲಗಳು ಎರಡರಲ್ಲೂ ಒಂದೇ. ಆಮೇಲೆ ದಾರಿ ಕವಲೊಡೆಯುತ್ತದೆ. ಲ್ಯಾಮಿನ್ ಸಿಯ ಮೆಸೆಂಜರ್ 10ನೇ ಎಕ್ಸಾನ್‌ನಲ್ಲೇ ಮುಗಿಯುತ್ತದೆ, ಲ್ಯಾಮಿನ್ ಎಯದು 11 ಮತ್ತು 12ನೇ ಎಕ್ಸಾನ್‌ವರೆಗೆ ಹೋಗುತ್ತದೆ. ಈ ಬ್ಲಾಟ್‌ನಲ್ಲಿ ಮೇಲಿನ ಗೆರೆ ಹೆಚ್ಚುಕಡಿಮೆ ಮಾಯ, ಕೆಳಗಿನದು ನೆಗೆಟಿವ್‌ನಲ್ಲಿ ಇದ್ದಷ್ಟೇ ಗಟ್ಟಿ.

ಸಿಕ್ಕಿತು. ಎಸ್‌ಐಆರ್‌ಎನ್‌ಎ-1ರ ಗುರಿ ಲ್ಯಾಮಿನ್ ಎಯ 3 ಪ್ರೈಮ್ ಯುಟಿಆರ್‌ನಲ್ಲಿದೆ, ಅಂದರೆ ಮೆಸೆಂಜರ್‌ನ ಕೊನೆಯಲ್ಲಿ ಪ್ರೋಟೀನ್ ಆಗದ ಭಾಗದಲ್ಲಿ; ಲ್ಯಾಮಿನ್ ಸಿಯಲ್ಲಿ ಆ ಭಾಗವಿಲ್ಲ. ಕ್ಯುಪಿಸಿಆರ್ ಪ್ರೈಮರ್ ಎರಡಕ್ಕೂ ಸಮಾನವಾದ ಎಕ್ಸಾನ್‌ಗಳಲ್ಲಿದೆ. ಎ ರೂಪ ಒಟ್ಟು ಮೆಸೆಂಜರ್‌ನ 55 ಶೇಕಡಾ ಇದ್ದು ಅದು 90 ಶೇಕಡಾ ತಗ್ಗಿದರೆ, ಒಟ್ಟು ಇಳಿಕೆ 49.5. ಎಸ್‌ಐಆರ್‌ಎನ್‌ಎ ಕಳಪೆಯಲ್ಲ, ತನ್ನ ಗುರಿಯನ್ನು ಅದು ಚೆನ್ನಾಗಿಯೇ ಹೊಡೆದಿದೆ. ನಾವು ಅಳೆದದ್ದು ಅದರ ಗುರಿಗಿಂತ ದೊಡ್ಡದು.

3 ಪ್ರೈಮ್ ಯುಟಿಆರ್‌ಗೆ ಎಸ್‌ಐಆರ್‌ಎನ್‌ಎ ಮಾಡುವುದಕ್ಕೆ ಒಳ್ಳೆಯ ಕಾರಣವೇ ಇದೆ: ಮುಂದೆ ಯುಟಿಆರ್ ಇಲ್ಲದ ಜೀನನ್ನು ಹೊರಗಿನಿಂದ ಹಾಕಿ ಪ್ರೋಟೀನ್ ಮರಳಿ ತರುವಾಗ ಆ ಹೊಸ ಮೆಸೆಂಜರನ್ನು ಎಸ್‌ಐಆರ್‌ಎನ್‌ಎ ಮುಟ್ಟುವುದಿಲ್ಲ. ಆದರೆ ಜೀನ್‌ಗೆ ಹಲವು ರೂಪಗಳಿದ್ದರೆ ಆ ಲಾಭವೇ ಬಲೆಯಾಗುತ್ತದೆ. ಆದೇಶ ಕೊಡುವ ಮೊದಲು ಎಸ್‌ಐಆರ್‌ಎನ್‌ಎಯ ಅನುಕ್ರಮವನ್ನು ಜೀನ್‌ನ ಒಂದೊಂದು ರೂಪದ ಮೇಲೂ ಇಟ್ಟು ನೋಡಬೇಕು. ಇಲ್ಲಿ ಅವು `NM_170707` (ಲ್ಯಾಮಿನ್ ಎ) ಮತ್ತು `NM_005572` (ಲ್ಯಾಮಿನ್ ಸಿ). ಎರಡರಲ್ಲೂ ಸಿಗುವ ಅನುಕ್ರಮ ಬೇಕಿದ್ದರೆ ಎಕ್ಸಾನ್ 1ರಿಂದ 9ರೊಳಗೆ ಆರಿಸಿ. ಪ್ರೈಮರ್‌ಗೂ ಇದೇ ಪರೀಕ್ಷೆ.

ಸಮಾನ ಎಕ್ಸಾನ್‌ಗೆ ಮಾಡಿದ ಎಸ್‌ಐಆರ್‌ಎನ್‌ಎ-2 ಹಾಕಿದ ವೆಲ್‌ನಲ್ಲಿ ಡೆಲ್ಟಾ ಸಿಕ್ಯು −1.6 ಬಂದರೆ ನೆಗೆಟಿವ್‌ಗಿಂತ 2.4 ಸೈಕಲ್ ಹಿಂದೆ. ಉಳಿದದ್ದು 19 ಶೇಕಡಾ, ಇಳಿಕೆ 81.

ಪ್ರೋಟೀನ್ ಯಾಕೆ ಇನ್ನೂ ಇದೆ

ಆರ್‌ಎನ್‌ಎ ಇಳಿದ ಮರುದಿನವೇ ಬ್ಲಾಟ್ ಮಾಡಿ ನಿರಾಶರಾಗುವವರಿಗೆ ಈ ಲೆಕ್ಕ. ಬೇಗ ಒಡೆಯದ ಪ್ರೋಟೀನ್ ಕೋಶದಲ್ಲಿ ಕಡಿಮೆಯಾಗುವುದು ಮುಖ್ಯವಾಗಿ ಕೋಶ ಎರಡಾದಾಗ ಹಂಚಿಹೋಗಿ. ಹೀಲಾ ಸುಮಾರು 24 ಗಂಟೆಗೊಮ್ಮೆ ಎರಡಾಗುತ್ತದೆ ಎಂದು ಹಿಡಿಯೋಣ. ಹೊಸ ಉತ್ಪಾದನೆ ಹಳೆಯದರ 20 ಶೇಕಡಾಕ್ಕೆ ಇಳಿದಿದ್ದರೆ 24 ಗಂಟೆಗೆ ಕೋಶದಲ್ಲಿ 60 ಶೇಕಡಾ ಪ್ರೋಟೀನ್ ಉಳಿದಿರುತ್ತದೆ, 48ಕ್ಕೆ 40, 72ಕ್ಕೆ 30. ಅಂದರೆ ಆರ್‌ಎನ್‌ಎಗೆ 48 ಗಂಟೆ, ಪ್ರೋಟೀನ್‌ಗೆ 72 ಗಂಟೆ ಇಟ್ಟುಕೊಂಡರೆ ಸರಿಹೋಗುತ್ತದೆ. ವಿಭಜಿಸದ ಕೋಶಗಳಲ್ಲಿ ಇನ್ನೂ ಕಾಯಬೇಕು. ತೀರಾ ಕಾದರೂ ಕೆಲಸ ಕೆಡುತ್ತದೆ, ಏಕೆಂದರೆ ಎಸ್‌ಐಆರ್‌ಎನ್‌ಎಯೂ ವಿಭಜನೆಯೊಂದಿಗೆ ತೆಳುವಾಗಿ ಜೀನ್ ಮತ್ತೆ ತಲೆಯೆತ್ತುತ್ತದೆ.

ಬ್ಲಾಟ್‌ನಿಂದ ಶೇಕಡಾ ಹೇಳಬೇಕಿದ್ದರೆ ಅದೇ ಜೆಲ್‌ನಲ್ಲಿ ನೆಗೆಟಿವ್ ಮಾದರಿಯನ್ನು 100, 50, 25, 12.5 ಶೇಕಡಾ ಪ್ರಮಾಣದಲ್ಲಿ ನಾಲ್ಕು ಲೇನ್‌ಗಳಲ್ಲಿ ಓಡಿಸಿ. ನಿಮ್ಮ ಮಾದರಿಯ ಗೆರೆ 25ರ ಲೇನ್‌ಗೆ ಸಮನಾದರೆ ಉಳಿದದ್ದು ಕಾಲು. 100 ಮತ್ತು 50ರ ಗೆರೆಗಳ ನಡುವೆ ವ್ಯತ್ಯಾಸವೇ ಕಾಣದಿದ್ದರೆ ಸಿಗ್ನಲ್ ಸ್ಯಾಚುರೇಟ್ ಆಗಿದೆ, ಆ ಚಿತ್ರದಿಂದ ಲೆಕ್ಕ ಹಾಕಬೇಡಿ.

ನೆಗೆಟಿವ್ ವೆಲ್‌ನಲ್ಲೇ ಜೀನ್ ಇಳಿದಿದ್ದರೆ

ಕೋಷ್ಟಕದ ಮೂರನೇ ಸಾಲಿನಲ್ಲಿ −4.0ರ ಬದಲು −3.2 ಬಂದಿದ್ದರೆ ಕತೆ ಬೇರೆ. ಲಿಪಿಡ್ ವೆಲ್ ಸರಿಯಿದ್ದು ನೆಗೆಟಿವ್‌ನಲ್ಲಿ 40 ಶೇಕಡಾಕ್ಕಿಂತ ಹೆಚ್ಚು ಇಳಿದಿದೆ. ಮೊದಲು ಸಂದೇಹಿಸಬೇಕಾದದ್ದು ಪಿಪೆಟ್ ಹಿಡಿದ ಕೈಯನ್ನು: ಟಿಪ್ ಬದಲಿಸದೆ ಗುರಿಯ ಎಸ್‌ಐಆರ್‌ಎನ್‌ಎ ನೆಗೆಟಿವ್ ಟ್ಯೂಬಿಗೆ ಸೇರಿರಬಹುದು. ಹೊಸ ಪಾಲಿನಿಂದ ಮತ್ತೆ ಮಾಡಿ. ಹಾಗೂ ಇಳಿದರೆ ಐಎಫ್‌ಐಟಿ1 ಜೀನ್ ಅಳೆಯಿರಿ. ಅದು ಜೋರಾಗಿ ಏರಿದ್ದರೆ ಕೋಶ ಹೊರಗಿನ ಆರ್‌ಎನ್‌ಎಯನ್ನು ವೈರಸ್ ಎಂದು ಬಗೆದು ಇಂಟರ್‌ಫೆರಾನ್ ದಾರಿ ತೆರೆದಿದೆ, ಪ್ರಮಾಣ ತಗ್ಗಿಸಬೇಕು. ಏರಿಲ್ಲದಿದ್ದರೆ ನೆಗೆಟಿವ್ ಎಸ್‌ಐಆರ್‌ಎನ್‌ಎಯ ಗೈಡ್ ಎಳೆಯ 2ರಿಂದ 8ನೇ ಬೇಸ್‌ವರೆಗಿನ ತುಣುಕು ನಿಮ್ಮ ಜೀನ್‌ನ ಯುಟಿಆರ್‌ಗೆ ಹೊಂದುತ್ತಿರಬಹುದು. ಅಷ್ಟು ಚಿಕ್ಕ ಹೊಂದಿಕೆಯೂ ಮೈಕ್ರೊಆರ್‌ಎನ್‌ಎಯ ಹಾಗೆ ಜೀನನ್ನು ಒತ್ತಿಹಿಡಿಯಬಲ್ಲದು. ಬೇರೆ ಅನುಕ್ರಮದ ನೆಗೆಟಿವ್ ತರಿಸಿ.

ಗುರಿಯ ಎಸ್‌ಐಆರ್‌ಎನ್‌ಎಗೂ ಇದೇ ಅಪಾಯವಿದೆ. ಒಂದೇ ಎಸ್‌ಐಆರ್‌ಎನ್‌ಎಯಿಂದ ಕೋಶದ ಆಕಾರ ಬದಲಾಯಿತೆಂದರೆ ಅದು ಲ್ಯಾಮಿನ್‌ನಿಂದಲೇ ಎನ್ನುವಂತಿಲ್ಲ. ಅನುಕ್ರಮ ಬೇರೆಯಿದ್ದು ಎರಡೂ ರೂಪಗಳನ್ನು ಹೊಡೆಯುವ ಇನ್ನೊಂದು ಎಸ್‌ಐಆರ್‌ಎನ್‌ಎಯಿಂದಲೂ ಅದೇ ಬದಲಾವಣೆ ಬರಬೇಕು, ಮತ್ತು ಎಸ್‌ಐಆರ್‌ಎನ್‌ಎಗೆ ಸಿಗದಂತೆ ಅನುಕ್ರಮ ತಿದ್ದಿದ ಜೀನ್ ಹಾಕಿದಾಗ ಅದು ಹಿಂದಕ್ಕೆ ಹೋಗಬೇಕು.

ಅಂಕಿಯನ್ನು ಬರೆಯುವಾಗ

ಒಂದೇ ಪ್ಲೇಟಿನ ಮೂರು ವೆಲ್‌ಗಳು ಮೂರು ಪ್ರಯೋಗಗಳಲ್ಲ. ಬೇರೆ ಬೇರೆ ದಿನ, ಬೇರೆ ಪ್ಯಾಸೇಜಿನ ಕೋಶಗಳಲ್ಲಿ ಮೂರು ಸಲ ಮಾಡಿ. ಡೆಲ್ಟಾ-ಡೆಲ್ಟಾ ಸಿಕ್ಯು 2.4, 2.1, 2.6 ಬಂದರೆ ಮೊದಲು ಇವನ್ನೇ ಸರಾಸರಿ ಮಾಡಿ 2.37 ತೆಗೆದು, ಆಮೇಲೆ ಶೇಕಡಾಕ್ಕೆ ತನ್ನಿ: ಇಳಿಕೆ 81. ಅಂಕಿಅಂಶದ ಪರೀಕ್ಷೆಯೂ ಸೈಕಲ್‌ಗಳ ಮೇಲೆಯೇ ಆಗಲಿ, ಶೇಕಡಾಗಳ ಮೇಲಲ್ಲ. ಜೊತೆಗೆ ಯಾವ ನೆಗೆಟಿವ್‌ಗೆ ಹೋಲಿಸಿದ್ದು, ಎಷ್ಟು ನ್ಯಾನೊಮೋಲಾರ್, ಎಷ್ಟನೇ ಗಂಟೆ, ಪ್ರೈಮರ್ ಜೀನ್‌ನ ಯಾವ ರೂಪಗಳನ್ನು ಹಿಡಿಯುತ್ತದೆ ಎಂಬ ನಾಲ್ಕನ್ನೂ ಚಿತ್ರದ ಕೆಳಗೇ ಬರೆಯಿರಿ.